ಗುಂಪು ಪ್ರಸ್ತುತಿಗೆ ಒಂದು ರೂಬ್ರಿಕ್: ನಾಲ್ಕು ವಾರಗಳ ಟಿಪ್ಪಣಿ

ಮೊದಲ ವಾರ

ಏಳನೇ ತರಗತಿಯ ವಿಜ್ಞಾನದಲ್ಲಿ ಶಾಖದ ಪ್ರಸರಣದ ಪಾಠ. ವಹನ, ಸಂವಹನ, ವಿಕಿರಣ, ಈ ಮೂರನ್ನೂ ಮಕ್ಕಳೇ ಗುಂಪಿನಲ್ಲಿ ಪ್ರಸ್ತುತಪಡಿಸಬೇಕು. ಮೂವತ್ತೆರಡು ಮಕ್ಕಳು, ನಾಲ್ವರಂತೆ ಎಂಟು ಗುಂಪು, ಒಂದೊಂದಕ್ಕೆ ಐದು ನಿಮಿಷ. ಇಲ್ಲಿಯವರೆಗೆ ನಾನು ಹತ್ತಕ್ಕೆ ಇಷ್ಟು ಎಂದು ಒಂದೇ ಅಂಕ ಕೊಡುತ್ತಿದ್ದೆ. "ನಮಗೆ ಯಾಕೆ ಆರು, ಅವರಿಗೆ ಯಾಕೆ ಎಂಟು?" ಎಂದು ಮಕ್ಕಳು ಕೇಳಿದಾಗ ನನ್ನ ಬಳಿ ಹೇಳಿಕೊಳ್ಳುವಂಥ ಉತ್ತರವಿರಲಿಲ್ಲ. ಈ ಸಲ ಅದನ್ನು ಸರಿಪಡಿಸಲೇಬೇಕೆಂದು, ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಡುವ ಹಾಳೆ, ಅಂದರೆ ರೂಬ್ರಿಕ್, ತಯಾರಿಸಲು ಕುಳಿತೆ.

ಮೊದಲ ಕರಡಿನಲ್ಲಿ ಏಳು ಮಾನದಂಡಗಳಿದ್ದವು, ಪ್ರತಿಯೊಂದಕ್ಕೂ ನಾಲ್ಕು ಹಂತ. ಒಟ್ಟು ಇಪ್ಪತ್ತೆಂಟು ಚೌಕಗಳು. ಒಂದು ಗುಂಪಿನ ಅಭ್ಯಾಸದ ವೇಳೆ ಅದನ್ನು ಹಿಡಿದು ಕುಳಿತಾಗ ತೊಂದರೆ ತಕ್ಷಣ ತಿಳಿಯಿತು: ನಾನು ಹಾಳೆ ಓದುತ್ತಿದ್ದೆ, ಮಕ್ಕಳ ಮಾತು ಕೇಳುತ್ತಿರಲಿಲ್ಲ. ಐದು ನಿಮಿಷದಲ್ಲಿ ಒಬ್ಬ ಶಿಕ್ಷಕಿ ನಿಜವಾಗಿ ಗಮನಿಸಬಲ್ಲದ್ದು ಮೂರು ನಾಲ್ಕು ಸಂಗತಿಗಳನ್ನು ಮಾತ್ರ. ಹಾಗಾಗಿ ನಾಲ್ಕು ಸಾಲು ಉಳಿಸಿಕೊಂಡೆ: ವಿಷಯದ ನಿಖರತೆ, ವಿವರಣೆ, ಮಾತು, ಸಹಕಾರ.

ಹಂತಗಳ ವಿಷಯದಲ್ಲಿ ಸ್ವಲ್ಪ ಹೊತ್ತು ಹೊಯ್ದಾಡಿದೆ. ಮೂರು ಹಂತವಿದ್ದರೆ ಅನುಮಾನ ಬಂದಾಗಲೆಲ್ಲ ಕೈ ನಡುವಿನದಕ್ಕೇ ಹೋಗುತ್ತದೆ, ನಾಲ್ಕಿದ್ದರೆ ಆ ಅಡಗುತಾಣ ಇರುವುದಿಲ್ಲ. ಆದರೆ ಎರಡನೇ ಮತ್ತು ಮೂರನೇ ಹಂತಕ್ಕೆ ವಿವರಣೆ ಬರೆಯಲು ಹೋದಾಗ "ಕೆಲವೊಮ್ಮೆ", "ಬಹುಮಟ್ಟಿಗೆ" ಎಂಬ ಪದಗಳೇ ಬಂದವು. ಕಣ್ಣಿಗೆ ಕಾಣುವ ವ್ಯತ್ಯಾಸ ಬರೆಯಲಾಗದಿದ್ದರೆ ಆ ಹಂತ ಇದ್ದೂ ಪ್ರಯೋಜನವಿಲ್ಲ. ಮೂರಕ್ಕೇ ನಿಂತೆ. ಒಟ್ಟು ಹನ್ನೆರಡು ಅಂಕ.

ಎರಡನೇ ವಾರ

ಇನ್ನೊಂದು ಗುಂಪಿನ ಅಭ್ಯಾಸವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡೆ. ಗಣಿತ ಕಲಿಸುವ ಸಹೋದ್ಯೋಗಿಗೆ ಅದನ್ನೂ ರೂಬ್ರಿಕ್ ಹಾಳೆಯನ್ನೂ ಕೊಟ್ಟು, "ನನ್ನನ್ನು ಏನೂ ಕೇಳದೆ ಅಂಕ ಹಾಕಿ ಮೇಡಂ" ಎಂದೆ. ನಾನೂ ಬೇರೆಯಾಗಿ ಹಾಕಿದೆ. ಇಬ್ಬರದೂ ಎಂಟು ಬಂತು. ಸಂತೋಷಪಡುವಷ್ಟರಲ್ಲಿ ಅವರು, "ಸಾಲು ಸಾಲಾಗಿ ನೋಡಿ" ಎಂದರು.

ನಿಖರತೆಗೆ ನನ್ನದು ಮೂರು, ಅವರದು ಎರಡು. ವಿವರಣೆಗೆ ಇಬ್ಬರದೂ ಎರಡು. ಮಾತಿಗೆ ನನ್ನದು ಎರಡು, ಅವರದು ಒಂದು. ಸಹಕಾರಕ್ಕೆ ನನ್ನದು ಒಂದು, ಅವರದು ಮೂರು. ನಾಲ್ಕರಲ್ಲಿ ಒಂದೇ ಸಾಲು ಹೊಂದಿತ್ತು. ಏರುಪೇರುಗಳು ಒಂದನ್ನೊಂದು ಸರಿದೂಗಿಸಿ ಮೊತ್ತ ಸಮನಾಗಿ ಕಂಡಿತ್ತು, ಅಷ್ಟೇ. ಮೊತ್ತವನ್ನು ಮಾತ್ರ ನೋಡಿದ್ದರೆ ಈ ಹಾಳೆಯನ್ನೇ ಮುದ್ರಿಸಿಬಿಡುತ್ತಿದ್ದೆ.

ನಿಖರತೆಯ ವ್ಯತ್ಯಾಸ ಸುಲಭವಾಗಿ ಬಗೆಹರಿಯಿತು. ಒಬ್ಬ ಹುಡುಗ "ಹೀಟರಿನಿಂದ ಕೋಣೆಯ ಗಾಳಿಯೆಲ್ಲ ವಹನದಿಂದ ಬಿಸಿಯಾಗುತ್ತದೆ" ಎಂದಿದ್ದ. ನಾನು ಬಾಯಿತಪ್ಪಿ ಬಂದದ್ದೆಂದು ಬಿಟ್ಟಿದ್ದೆ, ಅವರು ತಪ್ಪೆಂದು ಎಣಿಸಿದ್ದರು. ಅವರದೇ ಸರಿ. ಬಿಸಿಯಾದ ಗಾಳಿ ಮೇಲೇರಿ ತಣ್ಣನೆಯದು ಕೆಳಗಿಳಿಯುವುದು ಸಂವಹನ, ಈ ಪಾಠದ ತಿರುಳೇ ಆ ವ್ಯತ್ಯಾಸ. ಎರಡನೇ ಹಂತವನ್ನು "ಮೂರರಲ್ಲಿ ಯಾವುದಾದರೂ ಒಂದನ್ನು ಇನ್ನೊಂದರೊಂದಿಗೆ ಬೆರೆಸಿದ್ದಾರೆ" ಎಂದು ತಿದ್ದಿದೆ.

ಮಾತಿನ ಸಾಲಿನಲ್ಲಿ ನಾನು "ಕೇಳಿಸುವಂತೆ, ಚೀಟಿ ನೋಡದೆ ಮಾತನಾಡುತ್ತಾರೆ" ಎಂದು ಬರೆದಿದ್ದೆ. ಮಕ್ಕಳ ದನಿ ಕೊನೆಯ ಬೆಂಚಿಗೂ ಮುಟ್ಟುತ್ತಿತ್ತು, ಕಣ್ಣು ಮಾತ್ರ ಚೀಟಿಯಿಂದ ಏಳಲಿಲ್ಲ. ಎರಡು ಸಂಗತಿಗಳನ್ನು ಒಂದೇ ಸಾಲಿಗೆ ಕಟ್ಟಿದ್ದರ ಫಲ: ನಾನು ಸರಾಸರಿ ಹಾಕಿದೆ, ಅವರು ಕಡಿಮೆಯದನ್ನು ಹಿಡಿದರು. ದನಿಯನ್ನು ಕೈಬಿಟ್ಟು ಚೀಟಿಯನ್ನು ಉಳಿಸಿದೆ. ಮೆಲುದನಿಯ ಮಕ್ಕಳನ್ನು ಅಂಕ ಕಳೆಯದೆಯೇ ಒಂದು ಹೆಜ್ಜೆ ಮುಂದೆ ಬಂದು ನಿಲ್ಲಲು ಹೇಳಿದರಾಯಿತು.

ಸಹಕಾರದ ಸಾಲಿನಲ್ಲಿ ಮಾತ್ರ ಇಬ್ಬರೂ ಹಟ ಬಿಡಲಿಲ್ಲ. ನಾಲ್ವರೂ ಸರದಿಯಂತೆ ಮಾತನಾಡಿದರು ಎಂದು ಅವರು ಮೂರು ಕೊಟ್ಟಿದ್ದರು. ಒಬ್ಬಳು ಮರೆತು ನಿಂತಾಗ ಉಳಿದ ಮೂವರು ನೆಲ ನೋಡಿದರು ಎಂದು ನಾನು ಒಂದು ಕೊಟ್ಟಿದ್ದೆ. ವಾದಿಸುತ್ತಾ ಹೋದಂತೆ ಹೊಳೆದದ್ದು ಇಷ್ಟು: ಸಹಕಾರ ನಡೆಯುವುದು ತಯಾರಿಯಲ್ಲಿ, ನಾವು ನೋಡುತ್ತಿರುವುದು ಪ್ರಸ್ತುತಿಯನ್ನು. ನಾಲ್ವರು ಪ್ರತ್ಯೇಕವಾಗಿ ಬಾಯಿಪಾಠ ಮಾಡಿ ಬಂದು ಒಟ್ಟಿಗೆ ನಿಂತರೂ ಸಹಕಾರದಂತೆಯೇ ಕಾಣುತ್ತದೆ.

ಮೂರನೇ ವಾರ

ಸಹಕಾರದ ಸಾಲನ್ನು ಅಳಿಸಿ ಅದರ ಜಾಗದಲ್ಲಿ "ಒಬ್ಬರ ಭಾಗ ಇನ್ನೊಬ್ಬರಿಗೆ ಗೊತ್ತು" ಎಂದು ಬರೆದೆ. ಪ್ರಸ್ತುತಿ ಮುಗಿದ ಮೇಲೆ ಚೀಟಿ ಎತ್ತಿ ಇಬ್ಬರ ಹೆಸರು ಆರಿಸುವುದು. ಒಬ್ಬೊಬ್ಬರಿಗೂ ಅವರು ಮಾತನಾಡದ ಭಾಗದಿಂದ ಒಂದು ಪ್ರಶ್ನೆ. ಉತ್ತರಿಸುವ ಮೊದಲು ಗುಂಪಿನವರೊಂದಿಗೆ ಅರ್ಧ ನಿಮಿಷ ಮಾತನಾಡಬಹುದು, ಆದರೆ ಹೇಳಬೇಕಾದ್ದು ಹೆಸರು ಬಂದವರೇ. ಉತ್ತರ ಹೊರಡದಿದ್ದರೆ ಒಂದು. ಪ್ರಸ್ತುತಿಯ ವಾಕ್ಯವನ್ನೇ ಮತ್ತೆ ಹೇಳಿದರೆ ಎರಡು. ಕಾರಣವನ್ನು ಸ್ವಂತ ಮಾತಿನಲ್ಲಿ ಬಿಡಿಸಿ ಹೇಳಿದರೆ ಮೂರು. ಇಬ್ಬರ ಉತ್ತರ ಬೇರೆ ಬೇರೆ ಹಂತದ್ದಾದರೆ ಗುಂಪಿಗೆ ಹೆಚ್ಚಿನದನ್ನೇ ಕೊಡುವುದು. ಒಂದೇ ಮಗುವಿನ ಗಾಬರಿ ನಾಲ್ವರ ಅಂಕ ತಿನ್ನಬಾರದೆಂದೇ ಇಬ್ಬರನ್ನು ಕೇಳುವುದು.

ಆ ಅರ್ಧ ನಿಮಿಷವನ್ನು ನಾನು ಮೊದಲು ಸೇರಿಸಿದ್ದು ಅಂಜುವ ಮಕ್ಕಳಿಗಾಗಿ. ಪರೀಕ್ಷಿಸಿ ನೋಡಿದಾಗ ಅದೇ ಈ ಸಾಲಿನ ಜೀವ ಎನಿಸಿತು. ಒಬ್ಬರಿಗೊಬ್ಬರು ಹೇಳಿಕೊಡುವುದು ಅಲ್ಲಿ ಕಣ್ಣೆದುರೇ ನಡೆಯುತ್ತದೆ.

ಅಂಕ ಹಂಚಿಕೆಯನ್ನೂ ಈಗಲೇ ತೀರ್ಮಾನಿಸಿದೆ: ಮಾತಿನ ಮೂರು ಅಂಕ ಪ್ರತಿ ಮಗುವಿಗೆ ಪ್ರತ್ಯೇಕ, ಉಳಿದ ಒಂಬತ್ತು ಇಡೀ ಗುಂಪಿಗೆ. ಹಾಳೆಯನ್ನು ತರಗತಿಯಲ್ಲಿ ಓದಿ ಹೇಳಿ, ಗುಂಪಿಗೊಂದು ಪ್ರತಿ ಕೊಟ್ಟೆ.

ನಾಲ್ಕನೇ ವಾರ

ಎರಡು ದಿನ, ದಿನಕ್ಕೆ ನಾಲ್ಕು ಗುಂಪು. ಪ್ರಶ್ನೆಗಳೂ ಸೇರಿ ಗುಂಪಿಗೆ ಎಂಟು ನಿಮಿಷ ಹಿಡಿಯಿತು, ನಲವತ್ತು ನಿಮಿಷದ ತರಗತಿಯಲ್ಲಿ ಸಾಲಿತು.

ವಿಕಿರಣದ ಬಗ್ಗೆ ಮಾತನಾಡಿದ್ದ ಹುಡುಗನಿಗೆ ವಹನದ ಪ್ರಶ್ನೆ ಬಂತು: ಬಿಸಿನೀರಿನಲ್ಲಿಟ್ಟ ಸ್ಟೀಲ್ ಚಮಚದ ಹಿಡಿ ಯಾಕೆ ಬಿಸಿಯಾಗುತ್ತದೆ? ಗುಂಪು ತಲೆಗೆ ತಲೆ ಕೊಟ್ಟು ಪಿಸುಗುಟ್ಟಿತು. ಆಮೇಲೆ ಅವನು ಮೂವರು ಗೆಳೆಯರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ತುದಿಯವನನ್ನು ಅಲುಗಿಸಿದ. ಅಲುಗಾಟ ಈ ಕೊನೆಗೆ ಬಂತು. "ಯಾರೂ ಜಾಗ ಬಿಟ್ಟು ಹೋಗಲಿಲ್ಲ, ಅಲುಗಾಟ ಮಾತ್ರ ಬಂತು" ಎಂದ. ಮೂರು ಎಂದು ಬರೆಯಲು ನಾನು ಹಾಳೆಯತ್ತ ನೋಡಬೇಕಾಗಿಯೂ ಬರಲಿಲ್ಲ.

ಎಲ್ಲರಿಗಿಂತ ಚೆಂದದ ಚಾರ್ಟ್ ತಂದ ಗುಂಪಿಗೆ ಆ ಸಾಲಿನಲ್ಲಿ ಒಂದೇ ಬಂತು. ಚಾರ್ಟ್ ಬರೆದ ಹುಡುಗಿ ಕಣ್ಣು ತುಂಬಿಕೊಂಡು, "ಅದು ನನ್ನ ಭಾಗ ಅಲ್ಲ ಮೇಡಂ" ಎಂದಳು. ಅವಳ ಮಾತು ನನ್ನನ್ನು ಕಾಡಿತು. ನಿಯಮ ಮೊದಲೇ ಹೇಳಿದ್ದೆ ನಿಜ, ಆದರೆ ಓದಿ ಹೇಳುವುದು ಬೇರೆ, ಅಭ್ಯಾಸ ಮಾಡಿಸುವುದು ಬೇರೆ. ಆ ಗುಂಪಿಗೆ ಮರುದಿನ ಇನ್ನೊಂದು ಪ್ರಶ್ನೆಗೆ ಅವಕಾಶ ಕೊಟ್ಟೆ, ಎರಡಕ್ಕೆ ಏರಿದರು.

ಮೂರು ಗುಂಪುಗಳ ಚಿತ್ರೀಕರಣವನ್ನು ಸಹೋದ್ಯೋಗಿ ಮತ್ತೆ ನೋಡಿದರು. ಹನ್ನೆರಡು ಸಾಲುಗಳಲ್ಲಿ ಹತ್ತು ಹೊಂದಿದವು. ಹೊಂದದ ಎರಡೂ ವಿವರಣೆಯ ಸಾಲಿನವು. ಮೊದಲ ಸಲ ಅದೊಂದೇ ಹೊಂದಿದ್ದರಿಂದ ನಾನು ಅದನ್ನು ಮುಟ್ಟಿರಲಿಲ್ಲ. "ಸೂಕ್ತ ಉದಾಹರಣೆ ಕೊಡುತ್ತಾರೆ" ಎಂದಿದೆ, ಸೂಕ್ತ ಎಂದರೇನೆಂದು ಎಲ್ಲೂ ಹೇಳಿಲ್ಲ. ಪಠ್ಯಪುಸ್ತಕದ ಉದಾಹರಣೆಯನ್ನೇ ಹೇಳಿದರೆ ಎರಡು, ಪುಸ್ತಕದಲ್ಲಿಲ್ಲದ್ದನ್ನು ತಂದು ಅದು ಮೂರರಲ್ಲಿ ಯಾವುದೆಂದು ಕಾರಣ ಸಮೇತ ಹೇಳಿದರೆ ಮೂರು ಎಂದು ಈಗ ಬರೆದಿದ್ದೇನೆ. ಮುಂದಿನ ಪಾಠದಲ್ಲಿ ಪ್ರಸ್ತುತಿಗೆ ಒಂದು ವಾರ ಮೊದಲೇ ಮಕ್ಕಳ ಕೈಗೆ ಹಾಳೆ ಕೊಟ್ಟು, ನಾನೇ ಬೇಕೆಂದು ಎರಡು ತಪ್ಪು ಸೇರಿಸಿದ ಮೂರು ನಿಮಿಷದ ಪ್ರಸ್ತುತಿ ಮಾಡಿ, ನನಗೆ ಅಂಕ ಹಾಕಿಸುತ್ತೇನೆ.