ಫೋಟೊದಿಂದ ಗುಂಗುರು ಕೂದಲು ಕತ್ತರಿಸುವ ಕೆಲಸ: ಮೂರನೇ ಸಂಜೆ

ಅಕ್ಕನ ಫೋಟೊ ಇವತ್ತು ಒಂದು ಹಂತಕ್ಕೆ ಬಂತು. ಅವಳ ಎಡಕ್ಕೆ ಬೆಳಕು ತುಂಬಿದ ಕಿಟಕಿ, ಬಲಕ್ಕೆ ಗಿಡದ ಕಡು ಎಲೆಗಳು, ನಡುವೆ ನಾಲ್ಕೂ ಕಡೆ ಹಾರುವ ಗುಂಗುರು ಕೂದಲು. ಹಿಂದಿರುವುದನ್ನೆಲ್ಲ ತೆಗೆದು ತಿಳಿ ಬೂದು ಬಣ್ಣ ಹಾಕಬೇಕು. ಕೆಲಸ ಫೋಟೊ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ. ಭುಜ, ಬಟ್ಟೆಯ ಅಂಚುಗಳನ್ನು ಮೊನ್ನೆಯೇ ಪಾತ್ ಟೂಲ್‌ನಿಂದ ಮುಗಿಸಿದ್ದೆ.

ಮೊದಲ ದಿನ ಕೂದಲನ್ನೂ ಹಾಗೇ ಗೆರೆ ಎಳೆದು ಕತ್ತರಿಸಿದ್ದೆ. ತಲೆಗೆ ಟೋಪಿ ಹಾಕಿದ ಹಾಗೆ ಕಾಣುತ್ತಿತ್ತು. ಅದಕ್ಕೇ ಈ ಸಲ ಚಾನೆಲ್‌ಗಳನ್ನು, ಅಂದರೆ ಫೋಟೊದ ಕೆಂಪು, ಹಸಿರು, ನೀಲಿ ಪಾಲುಗಳ ಕಪ್ಪು-ಬಿಳುಪು ಚಿತ್ರಗಳನ್ನು, ಒಂದೊಂದಾಗಿ ನೋಡಿದೆ. ಕಿಟಕಿ ಕಡೆ Blue ಚಾನೆಲ್‌ನಲ್ಲಿ ಕೂದಲು ಕಪ್ಪು, ಹಿಂದೆ ಬಿಳಿ, ವ್ಯತ್ಯಾಸ ಚೆನ್ನಾಗಿತ್ತು. ಅದನ್ನು ಡೂಪ್ಲಿಕೇಟ್ ಮಾಡಿ, ಆ ವ್ಯತ್ಯಾಸ ಹೆಚ್ಚಿಸಲು Levels ನಲ್ಲಿ ಎರಡು ತುದಿಗಳನ್ನೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಎಳೆದೆ. ಜಾಸ್ತಿ ಎಳೆದರೆ ತೆಳು ಎಳೆಗಳು ಮಾಯವಾಗುತ್ತವೆ, ಉಳಿದವು ತಂತಿಯ ಹಾಗೆ ಗಟ್ಟಿಯಾಗುತ್ತವೆ, ಆದ್ದರಿಂದ ಅಂಚಿನಲ್ಲಿ ಬೂದು ಉಳಿಯಲೇಬೇಕು. ಮಿಕ್ಕಿದ್ದಕ್ಕೆ ಕಪ್ಪಾಗಿಸುವ ಬರ್ನ್ ಟೂಲ್ ಅನ್ನು Shadows ಗೆ ಇಟ್ಟು ಕೂದಲಿನ ಮೇಲೆ, ಬೆಳ್ಳಗಾಗಿಸುವ ಡಾಡ್ಜ್ ಅನ್ನು Highlights ಗೆ ಇಟ್ಟು ಹಿನ್ನೆಲೆಯ ಮೇಲೆ ಆಡಿಸಿದೆ. ಮುಖ, ಮೈಯನ್ನು ಪೂರ್ತಿ ಕಪ್ಪು ಬಳಿದು, ಚಾನೆಲ್ ಅನ್ನು ಇನ್ವರ್ಟ್ ಮಾಡಿ, ಅದನ್ನೇ ಸೆಲೆಕ್ಷನ್ ಮಾಡಿಕೊಂಡು ಲೇಯರ್ ಮಾಸ್ಕ್ ಹಾಕಿದೆ. ಮಾಸ್ಕ್ ಬಿಳಿ ಇದ್ದಲ್ಲಿ ಫೋಟೊ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ.

ಕೆಳಗೆ ಬೂದು ಬಣ್ಣ ಇಟ್ಟಾಗ ಚೆನ್ನಾಗೇ ಕಂಡಿತು. ಸುಮ್ನೆ ಒಮ್ಮೆ ಕಡುಗೆಂಪು ಲೇಯರ್ ಇಟ್ಟು ನೋಡಿದರೆ ಪ್ರತಿ ಎಳೆಯ ಸುತ್ತ ಬಿಳಿಚಿದ ಅಂಚು! ಕೂದಲ ತುದಿಯ ಪಿಕ್ಸೆಲ್‌ಗಳಲ್ಲಿ ಕಿಟಕಿಯ ಬೆಳಕೂ ಬೆರೆತಿರುತ್ತದೆ, ಅಲ್ವಾ, ಮಾಸ್ಕ್ ಅದನ್ನು ಬೇರೆ ಮಾಡುವುದಿಲ್ಲ. ಮಾಸ್ಕ್ ಅನ್ನು ಕುಗ್ಗಿಸಿದರೆ ಎಳೆಗಳೇ ಹೋಗುತ್ತವೆ. ನನಗೆ ಕೆಲಸಕ್ಕೆ ಬಂದದ್ದು ಬೇರೆ ದಾರಿ: ಮಾಸ್ಕ್ ಮುಟ್ಟದೆ, ಫೋಟೊ ಮೇಲೆಯೇ, ಒಳಗಿನ ಕೂದಲಿಂದ ಬಣ್ಣ ತೆಗೆದುಕೊಂಡು ಅಂಚಿನ ಮೇಲೆ ಮೆತ್ತನೆಯ ಬ್ರಷ್‌ನಿಂದ ಬಳಿಯುವುದು. ಆಕಾರವನ್ನು ಮಾಸ್ಕ್ ಕೊಡುತ್ತದೆ, ಬಣ್ಣವನ್ನು ಮಾತ್ರ ನಾವು ಕೊಡಬೇಕು. ಒಂದೇ ಬಣ್ಣ ಬಳಿದರೆ ಚಪ್ಪಟೆಯಾಗುತ್ತದೆ, ಅದಕ್ಕೇ ಪ್ರತಿ ಗೊಂಚಲಿಗೂ ಪಕ್ಕದಿಂದ ಹೊಸದಾಗಿ ಬಣ್ಣ ತೆಗೆದೆ.

ಎಲೆಗಳ ಕಡೆ ಈ ಚಾನೆಲ್ ಆಟ ನಡೆಯಲಿಲ್ಲ. ಕಪ್ಪಿನ ಮೇಲೆ ಕಪ್ಪು, ಯಾವ ಚಾನೆಲ್‌ನಲ್ಲೂ ಎಳೆ ಬೇರೆಯಾಗಿ ಕಾಣುವುದಿಲ್ಲ. ಅಲ್ಲಿ ಗುಂಗುರಿನ ದಪ್ಪ ಭಾಗದವರೆಗೆ ಮಾತ್ರ ಮಾಸ್ಕ್ ಉಳಿಸಿ, ಫೋಟೊದಲ್ಲಿ ಹೊರಗಿನ ಎಲೆಗಳ ಮೇಲೆ ಕೂದಲ ಬಣ್ಣ ಬಳಿದು, ಆಮೇಲೆ ಮಾಸ್ಕ್‌ನಲ್ಲಿ 2 ಪಿಕ್ಸೆಲ್‌ನ ಬಿಳಿ ಬ್ರಷ್‌ನಿಂದ ಒಂದೊಂದೇ ಎಳೆ ಬಿಡಿಸಿದೆ. ಸುಮಾರು ಮೂವತ್ತು ಎಳೆಗಳಾದವು. ದೂರದಿಂದ ನೋಡಿದರೆ ಬಲಗಡೆಯವು ಇನ್ನೂ ಬಾಚಿದ ಹಾಗೆ ಒಂದೇ ದಿಕ್ಕಿಗೆ ಹೋಗುತ್ತಿವೆ. ನಾಳೆ ಅರ್ಧ ಅಳಿಸಿ, ಎಡಗಡೆಯ ನಿಜವಾದ ಎಳೆಗಳು ಒಂದರ ಮೇಲೊಂದು ಹೇಗೆ ಹಾಯುತ್ತವೆ ಅಂತ ನೋಡಿಕೊಂಡು ಮತ್ತೆ ಬಿಡಿಸಬೇಕು.