ಬಳ್ಳಾರಿಯಿಂದ ಐದು ತಿಂಗಳು: ತೊಂಬತ್ತು ದಿನಗಳ ಲೆಕ್ಕ ಮತ್ತು ಬೀಗ ಹಾಕಿದ ಮನೆ

ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕಪತ್ರ ನೋಡಿಕೊಂಡ ಮೇಲೆ ಮಾಲೀಕರ ಬಳಿ ಐದು ತಿಂಗಳ ವೇತನರಹಿತ ರಜೆ ಕೇಳಿದೆ. 2025ರ ಏಪ್ರಿಲ್ ಆರಂಭದಿಂದ ಆಗಸ್ಟ್ ಕೊನೆಯವರೆಗೆ. ಸ್ಟುಟ್‌ಗಾರ್ಟಿನಲ್ಲಿರುವ ಮಗಳ ಮನೆಯಲ್ಲಿ ಕೆಲಕಾಲ ಇದ್ದು, ಆಮೇಲೆ ಬೇರೆಲ್ಲಾದರೂ ಒಂದೇ ಊರಿನಲ್ಲಿ ಬಾಡಿಗೆ ಮನೆ ಹಿಡಿದು ನಿಧಾನವಾಗಿ ಬದುಕಬೇಕೆಂಬುದು ನನ್ನ ಮತ್ತು ನನ್ನ ಹೆಂಡತಿಯ ಬಹುದಿನದ ಆಸೆ. ಮಾಲೀಕರು ಒಪ್ಪಿ ಪತ್ರ ಕೊಟ್ಟರು. ಆ ಪತ್ರದಲ್ಲಿ ಸೆಪ್ಟೆಂಬರ್ 1ರಂದು ಮತ್ತೆ ಕೆಲಸಕ್ಕೆ ಹಾಜರಾಗುತ್ತೇನೆಂದು ಸ್ಪಷ್ಟವಾಗಿ ಬರೆಸಿಕೊಂಡೆ. ಹೋದವರು ಮರಳಿ ಬರುತ್ತಾರೆ ಎಂಬುದಕ್ಕೆ ವೀಸಾ ಅಧಿಕಾರಿಗಳು ಆಧಾರ ಹುಡುಕುತ್ತಾರೆ. ಕೆಲಸದಲ್ಲಿರುವವರಿಗೆ ದಿನಾಂಕವಿರುವ ಇಂಥ ಪತ್ರಕ್ಕಿಂತ ಒಳ್ಳೆಯ ಆಧಾರ ಇಲ್ಲ.

ವಿಮಾನದ ಟಿಕೆಟ್ಟಿಗಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಷೆಂಗೆನ್ ವೀಸಾದ ದಿನಗಳ ಲೆಕ್ಕ. ಜರ್ಮನಿ, ಫ್ರಾನ್ಸ್, ಗ್ರೀಸ್ ಸೇರಿ 29 ದೇಶಗಳು ಈ ವಿಷಯದಲ್ಲಿ ಒಂದೇ ಮನೆಯಿದ್ದಂತೆ. ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಆ ಮನೆಯೊಳಗೆ ಇರಬಹುದು. ‘ಯಾವುದೇ 180 ದಿನ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಅದು ಜನವರಿಯಿಂದ ಜೂನ್‌ವರೆಗಿನ ಅರ್ಧ ವರ್ಷವಲ್ಲ. ನೀವು ಅಲ್ಲಿರುವ ಪ್ರತಿಯೊಂದು ದಿನವೂ, ಆ ದಿನವನ್ನೂ ಸೇರಿಸಿ, ಹಿಂದಕ್ಕೆ 180 ದಿನ ಎಣಿಸಿ, ಅದರಲ್ಲಿ ಎಷ್ಟು ದಿನ ಒಳಗಿದ್ದಿರಿ ಎಂದು ನೋಡುತ್ತಾರೆ. ಹೋದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ.

ಲೆಕ್ಕವೇ ನನ್ನ ವೃತ್ತಿ. ಆದರೂ ಮೊದಲ ಯೋಜನೆಯಲ್ಲಿ ತಪ್ಪಿದೆ. ಏಪ್ರಿಲ್ 3ರಿಂದ ಜೂನ್ 3ರವರೆಗೆ ಮಗಳ ಮನೆ, ಅದು ಎರಡು ತಿಂಗಳು. ನಂತರ ಷೆಂಗೆನ್‌ನ ಹೊರಗಿನ ದೇಶ. ಮತ್ತೆ ಜುಲೈ 24ರಿಂದ ಆಗಸ್ಟ್ 24ರವರೆಗೆ ಗ್ರೀಸ್, ಅದು ಒಂದು ತಿಂಗಳು. ಒಟ್ಟು ಮೂರು ತಿಂಗಳು, ಸರಿಹೋಯಿತು ಎಂದುಕೊಂಡಿದ್ದೆ. ಬೆರಳು ಮಡಿಚಿ ಎಣಿಸಿದಾಗ ಏಪ್ರಿಲ್‌ನಲ್ಲಿ 28, ಮೇನಲ್ಲಿ 31, ಜೂನ್‌ನಲ್ಲಿ 3, ಸೇರಿ 62 ದಿನ. ಜುಲೈನಲ್ಲಿ 8, ಆಗಸ್ಟ್‌ನಲ್ಲಿ 24, ಸೇರಿ 32. ಒಟ್ಟು 94! ನಾಲ್ಕು ದಿನ ಹೆಚ್ಚು. ಆ ನಾಲ್ಕು ದಿನಕ್ಕೆ ದಂಡ ಬೀಳಬಹುದು, ಮರುಪ್ರವೇಶಕ್ಕೆ ನಿಷೇಧ ಬರಬಹುದು, ಮುಂದಿನ ವೀಸಾ ಅರ್ಜಿಗೂ ಅದು ಕಳಂಕವಾಗುತ್ತದೆ.

ಯೋಜನೆಯನ್ನು ಬದಲಿಸಿದೆವು. ಮೇ 31ಕ್ಕೆ ಹೊರಟರೆ ಮೊದಲ ಭಾಗ 59 ದಿನ. ಜುಲೈ 31ಕ್ಕೆ ಮರಳಿ ಆಗಸ್ಟ್ 24ಕ್ಕೆ ಹೊರಟರೆ ಎರಡನೆಯ ಭಾಗ 25 ದಿನ. ಒಟ್ಟು 84. ಉಳಿದ ಆರು ದಿನಗಳನ್ನು ಬೇಕೆಂದೇ ಮುಟ್ಟದೆ ಬಿಟ್ಟೆವು. ವಿಮಾನ ರದ್ದಾದರೆ, ಜ್ವರ ಬಂದು ಮಲಗಿದರೆ ಅವು ಬೇಕಾಗುತ್ತವೆ. ಇನ್ನೂ ಹೆಚ್ಚು ಕಾಲ ಇರಬಯಸುವವರು ಒಂದು ವಿಷಯ ಗಮನಿಸಬೇಕು: ಏಪ್ರಿಲ್ 3ರ ದಿನ ಲೆಕ್ಕದಿಂದ ಜಾರಿ ಹೋಗುವುದು ಸೆಪ್ಟೆಂಬರ್ 30ಕ್ಕೆ. ಅಲ್ಲಿಂದ ಮುಂದೆ ಹಳೆಯ ದಿನಗಳು ಒಂದೊಂದಾಗಿ ಮರಳಿ ಕೈಗೆ ಸಿಗುತ್ತವೆ. ಯುರೋಪಿಯನ್ ಕಮಿಷನ್ ಜಾಲತಾಣದಲ್ಲಿ ದಿನ ಎಣಿಸುವ ಸೌಲಭ್ಯವಿದೆ. ನಿಮ್ಮ ಕೈಲೆಕ್ಕವನ್ನು ಅದರೊಂದಿಗೆ ತಾಳೆ ನೋಡಿ.

ಮಧ್ಯದ ಎರಡು ತಿಂಗಳಿಗೆ ಅಲ್ಬೇನಿಯವನ್ನು ಆರಿಸಿಕೊಂಡೆವು. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಕು. ಆದರೆ ಹಲವು ಬಾರಿ ಪ್ರವೇಶಿಸಬಹುದಾದ, ಅವಧಿ ಮುಗಿಯದ, ಈಗಾಗಲೇ ಒಮ್ಮೆ ಬಳಸಿದ ಷೆಂಗೆನ್ ವೀಸಾ ಇದ್ದರೆ 90 ದಿನದವರೆಗೆ ಬೇರೆ ವೀಸಾ ಇಲ್ಲದೆ ಇರಬಹುದು. ಮೂರೂ ಷರತ್ತುಗಳು ಒಟ್ಟಿಗೆ ಇರಬೇಕು. ಬಳಸಿಯೇ ಇಲ್ಲದ ವೀಸಾ ಹಿಡಿದು ಬೆಂಗಳೂರಿನಿಂದ ನೇರವಾಗಿ ಅಲ್ಬೇನಿಯಕ್ಕೆ ಹೊರಟರೆ ಈ ರಿಯಾಯಿತಿ ಸಿಗುವುದಿಲ್ಲ. ಒಂದೇ ಪ್ರವೇಶದ ವೀಸಾ ಇದ್ದರಂತೂ ಹೊರಗೆ ಕಾಲಿಟ್ಟ ಕ್ಷಣ ಅದು ಮುಗಿಯಿತು. ಒಳಗೆ ಮರಳುವ ದಾರಿಯೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಓದಿಕೊಳ್ಳಿ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಪ್ರವೇಶ, ಒಟ್ಟು ಎಷ್ಟು ದಿನ. ದಿನಾಂಕ ವಿಶಾಲವಾಗಿದ್ದರೂ ದಿನಗಳ ಸಂಖ್ಯೆ ಮೂವತ್ತೇ ಇರಬಹುದು. ಮನೆಗೆ ಬಂದ ಪಾಸ್‌ಪೋರ್ಟನ್ನು ಕಪಾಟಿಗೆ ಸೇರಿಸುವ ಮೊದಲು ಇದನ್ನು ಓದಿದರೆ ತಿದ್ದುಪಡಿ ಕೇಳಲು ಸಮಯ ಇರುತ್ತದೆ.

ನಮಗೆ ಎರಡು ವರ್ಷದ, ಹಲವು ಪ್ರವೇಶದ ವೀಸಾ ಸಿಕ್ಕಿತು. ಅದಕ್ಕೆ ಕಾರಣವಿದೆ. 2023 ಮತ್ತು 2024ರಲ್ಲಿ ಮಗಳನ್ನು ನೋಡಲು ಹೋಗಿ, ಹೇಳಿದ ದಿನಕ್ಕೆ ಮರಳಿದ್ದೆವು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ನಿಯಮದಂತೆ ಬಳಸಿದ, ಭಾರತದಲ್ಲಿಯೇ ನೆಲೆಸಿರುವ ಭಾರತೀಯರಿಗೆ ಎರಡು ವರ್ಷದ ವೀಸಾ ಕೊಡಬಹುದೆಂಬ ಕ್ರಮ 2024ರ ಏಪ್ರಿಲ್‌ನಿಂದ ಬಂದಿದೆ. ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿರಬೇಕು. ಮೊದಲ ಬಾರಿ ಹೋಗುವವರು ಇದನ್ನು ನಂಬಿಕೊಂಡು ಐದು ತಿಂಗಳ ಯೋಜನೆ ಹಾಕಬಾರದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿಯೂ ಸಲ್ಲಿಸಬಹುದು. ಬೇಸಿಗೆಯ ಹೊತ್ತಿಗೆ ಬೆಂಗಳೂರಿನಲ್ಲಿ ಸಮಯ ಸಿಗುವುದೇ ಕಷ್ಟ. ನಾವು ಜನವರಿಯಲ್ಲಿಯೇ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಕೊಟ್ಟು ಬಂದೆವು. ಶುಲ್ಕ ತಲಾ 90 ಯೂರೋ, ಸೇವಾ ಶುಲ್ಕ ಬೇರೆ.

ಒಂದೇ ದೇಶದಲ್ಲಿ ಸತತವಾಗಿ ಐದಾರು ತಿಂಗಳು ಇರಬೇಕೆನ್ನುವವರಿಗೆ ಈ ದಾರಿ ಸರಿಯಲ್ಲ. ಅವರು ಆ ದೇಶದ ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಬೇಕು. ಫ್ರಾನ್ಸ್‌ನ ಸಂದರ್ಶಕರ ದೀರ್ಘಾವಧಿ ವೀಸಾ ಇಂಥದ್ದು: ಬದುಕಲು ಸಾಕಾಗುವ ಹಣ, ವಾಸದ ವ್ಯವಸ್ಥೆ, ಇಡೀ ಅವಧಿಯ ವಿಮೆ, ಅಲ್ಲಿ ದುಡಿಯುವುದಿಲ್ಲ ಎಂಬ ಬರಹ, ಇವೆಲ್ಲ ಬೇಕು. ಆ ವೀಸಾದಲ್ಲಿ ಫ್ರಾನ್ಸ್‌ನಲ್ಲಿ ಕಳೆದ ದಿನಗಳು 90ರ ಲೆಕ್ಕಕ್ಕೆ ಬರುವುದಿಲ್ಲ.

ವಿಮೆಯ ವಿಷಯದಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ. ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆದರೆ ಹಲವು ಪ್ರವೇಶದ ವೀಸಾ ಕೇಳುವವರು ಮೊದಲ ಪ್ರವಾಸದ ವಿಮೆ ತೋರಿಸಿದರೆ ಅರ್ಜಿಗೆ ಸಾಕು. ಅರ್ಜಿಗೆ ಸಾಕಾದದ್ದು ಪ್ರವಾಸಕ್ಕೆ ಸಾಲದು. ಷೆಂಗೆನ್ ದೇಶಗಳಿಗಷ್ಟೇ ಸೀಮಿತವಾದ ಪಾಲಿಸಿ ಅಲ್ಬೇನಿಯದಲ್ಲಿ ನಮಗೆ ಯಾವ ರಕ್ಷಣೆಯನ್ನೂ ಕೊಡುತ್ತಿರಲಿಲ್ಲ. ಆದ್ದರಿಂದ ಅಮೆರಿಕ, ಕೆನಡಾ ಬಿಟ್ಟು ಜಗತ್ತಿನ ಉಳಿದೆಡೆಗೆ ಅನ್ವಯಿಸುವ ಪಾಲಿಸಿಯನ್ನು, ಊರು ಬಿಡುವ ದಿನದಿಂದ ಸೆಪ್ಟೆಂಬರ್ 5ರವರೆಗೆ ತೆಗೆದುಕೊಂಡೆವು. ನನ್ನ ರಕ್ತದೊತ್ತಡವನ್ನು ಮುಚ್ಚಿಡದೆ ಬರೆದೆ. ಮುಚ್ಚಿಟ್ಟು ಆಸ್ಪತ್ರೆ ಸೇರಿದರೆ ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಕು.

ಜೂನ್‌ನಲ್ಲಿ ಅಲ್ಬೇನಿಯದ ಶ್ಕೋಡರ್ ಊರಿನಲ್ಲಿ ನನ್ನ ಹೆಂಡತಿ ಕಲ್ಲು ಹಾಸಿನ ಬೀದಿಯಲ್ಲಿ ಜಾರಿ ಬಿದ್ದು ಪಾದದ ಗೆಣ್ಣು ಊದಿಕೊಂಡಿತು. ಮೊದಲು ವಿಮಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಪ್ರಕರಣದ ಸಂಖ್ಯೆ ಪಡೆದೆ. ಎಕ್ಸ್‌ರೇ ತೆಗೆಸಿದೆವು; ಮೂಳೆ ಮುರಿದಿರಲಿಲ್ಲ. ರಸೀದಿ, ವೈದ್ಯರ ಚೀಟಿ ಎಲ್ಲವನ್ನೂ ಇಟ್ಟುಕೊಂಡೆ. ಆದರೆ ಹಣ ಬರಲಿಲ್ಲ. ಪಾಲಿಸಿಯಲ್ಲಿ ಪ್ರತಿ ಪ್ರಕರಣಕ್ಕೆ ಮೊದಲ 100 ಡಾಲರ್ ನಾವೇ ಭರಿಸಬೇಕೆಂದಿತ್ತು, ನಮ್ಮ ಖರ್ಚು ಅದಕ್ಕಿಂತ ಕಡಿಮೆ. ಇದು ಮೋಸವಲ್ಲ. ಕೊಳ್ಳುವಾಗಲೇ ಈ ಮೊತ್ತ ನೋಡಿಕೊಂಡು ಸಣ್ಣಪುಟ್ಟ ಚಿಕಿತ್ಸೆಗೆ ಕೈಯಲ್ಲಿ ಹಣ ಇಟ್ಟುಕೊಳ್ಳಬೇಕು.

ಮಾತ್ರೆಯ ಮಾತು: ಜರ್ಮನಿಗೆ ಒಯ್ಯುವಾಗ ಸ್ವಂತ ಬಳಕೆಗೆ ಮೂರು ತಿಂಗಳವರೆಗಿನ ಔಷಧಿಗೆ ಅವಕಾಶವಿದೆ. ಹಾಗಾಗಿ ರಕ್ತದೊತ್ತಡದ ತೊಂಬತ್ತು ಆಮ್ಲೋಡಿಪಿನ್ ಮಾತ್ರೆಗಳನ್ನು ಅವುಗಳ ಸ್ಟ್ರಿಪ್ಪಿನಲ್ಲಿಯೇ ಒಯ್ದೆ. ವೈದ್ಯರಿಂದ ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದೆ. ಉಳಿದದ್ದನ್ನು ಶ್ಕೋಡರ್‌ನಲ್ಲಿ ಆ ಚೀಟಿ ತೋರಿಸಿ ಕೊಂಡೆ. ಊರಿನಲ್ಲಿರುವ ಆರೋಗ್ಯ ವಿಮೆಯನ್ನು ಮಾತ್ರ ಕೈಬಿಡಬೇಡಿ. ನಮ್ಮದರ ನವೀಕರಣ ಜೂನ್‌ನಲ್ಲಿ ಬರುತ್ತಿತ್ತು. ಮಾರ್ಚ್‌ನಲ್ಲಿಯೇ ಏಜೆಂಟರೊಂದಿಗೆ ಮಾತನಾಡಿ ವ್ಯವಸ್ಥೆ ಮಾಡಿದೆ. ತಪ್ಪಿದ್ದರೆ ಹಳೆಯ ಕಾಯಿಲೆಗಳಿಗೂ ವಿಮೆ ಸಿಗಲೆಂದು ಕಾದು ಕಳೆದ ವರ್ಷಗಳೆಲ್ಲ ವ್ಯರ್ಥವಾಗುತ್ತಿದ್ದವು.

ಮೊಬೈಲ್ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆವು. ಏಪ್ರಿಲ್ 1ರಂದು 84 ದಿನದ ರೀಚಾರ್ಜ್ ಮಾಡಿ, ರೋಮಿಂಗ್ ಚಾಲೂ ಮಾಡಿಸಿಕೊಂಡು ಹೊರಟಿದ್ದೆ. ಜೂನ್ 23ಕ್ಕೆ ಅದು ಮುಗಿಯಿತು. ಕೆಲವೇ ದಿನಗಳಲ್ಲಿ ಬ್ಯಾಂಕಿನ ಒಟಿಪಿ ಬರುವುದು ನಿಂತಿತು. ಬಾಡಿಗೆ ಕಟ್ಟಬೇಕಾದ ದಿನ ಅದು. ಬಳ್ಳಾರಿಯಲ್ಲಿದ್ದ ಅಕ್ಕನ ಮಗ ರೀಚಾರ್ಜ್ ಮಾಡಿದ ಮೇಲೆ ಸರಿಹೋಯಿತು. ಒಂದು ವರ್ಷದ ಪ್ಲಾನ್ ಹಾಕಿಸಿಕೊಂಡೇ ಹೊರಡಿ.

ಜುಲೈ 31ರಂದು ಅಲ್ಬೇನಿಯದ ಸರಂಡದಿಂದ ಹಡಗಿನಲ್ಲಿ ಗ್ರೀಸ್‌ನ ಕೋರ್ಫು ದ್ವೀಪಕ್ಕೆ ಬಂದೆವು. ಅಲ್ಲಿನ ಅಧಿಕಾರಿ ಪುಟ ತಿರುವಿ, ಮೊಹರುಗಳ ಮೇಲೆ ಬೆರಳಿಟ್ಟು ದಿನ ಎಣಿಸಿದರು. ಮೇ 31ರ ಮೊಹರು ಅರೆಬರೆ ಮೂಡಿತ್ತು. ಅಂದಿನ ವಿಮಾನದ ಬೋರ್ಡಿಂಗ್ ಪಾಸ್ ತೆಗೆದು ತೋರಿಸಿದೆ, ಬಿಟ್ಟರು. 2025ರ ಅಕ್ಟೋಬರ್ 12ರಿಂದ ಮೊಹರಿನ ಬದಲು ಮುಖ, ಬೆರಳಚ್ಚು ದಾಖಲಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತರಲಾಗಿದೆ; ಎಣಿಕೆಯನ್ನು ಯಂತ್ರವೇ ಮಾಡುತ್ತದೆ. ಆದರೂ ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಇನ್ನು ಮನೆ. ಗಾಂಧಿನಗರದ ನಮ್ಮ ಮನೆ ಏಪ್ರಿಲ್, ಮೇ ತಿಂಗಳ ಉರಿಬಿಸಿಲು ಮತ್ತು ಮಳೆಗಾಲ ಎರಡನ್ನೂ ಬೀಗ ಹಾಕಿಕೊಂಡೇ ಕಳೆಯಬೇಕಿತ್ತು. ಗ್ಯಾಸ್ ರೆಗ್ಯುಲೇಟರ್ ಬಿಚ್ಚಿಟ್ಟು, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆವು. ಪೊಲೀಸ್ ಠಾಣೆಗೆ ತಿಳಿಸಿದೆವು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿಯೇ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ, ಅದನ್ನು ಅಕ್ಕನ ಮಗನಿಗೆ ಒಪ್ಪಿಸಿದೆ. ಇನ್ವರ್ಟರ್ ಬ್ಯಾಟರಿಯ ನೀರು ನಮ್ಮ ಬೇಸಿಗೆಯಲ್ಲಿ ಬೇಗ ಇಳಿಯುತ್ತದೆ, ನೋಡುವವರಿಲ್ಲದೆ ಚಾರ್ಜಿಗೆ ಬಿಡುವುದು ಅಪಾಯ. ಪೂರ್ತಿ ಚಾರ್ಜ್ ಮಾಡಿ ತಂತಿ ಬಿಚ್ಚಿಟ್ಟೆವು. ಹಾಗೆಯೇ ಬಿಟ್ಟರೂ ಬ್ಯಾಟರಿಯ ಚಾರ್ಜ್ ತಾನಾಗಿ ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆ ನೀರು ತುಂಬಿಸಿ ಒಂದು ದಿನ ಚಾರ್ಜ್ ಮಾಡುವ ಕೆಲಸವೂ ಅವನದೇ. ಕಳವು ವಿಮೆ ಇದ್ದವರು ಮನೆ ಎಷ್ಟು ದಿನ ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತನ್ನು ಓದಿ, ಕಂಪನಿಗೆ ಲಿಖಿತವಾಗಿ ತಿಳಿಸಿರಬೇಕು.

ಯಾರೂ ಹೇಳದ ಒಂದು ವಿಷಯವಿದೆ. ಬಚ್ಚಲು, ಶೌಚಾಲಯದ ಕೊಳವೆಯ ಬಾಗಿನಲ್ಲಿ ನಿಲ್ಲುವ ಒಂದಿಷ್ಟು ನೀರೇ ಚರಂಡಿಯ ವಾಸನೆಯನ್ನೂ ಜಿರಳೆಗಳನ್ನೂ ತಡೆಯುವುದು. ನಮ್ಮ ಬಿಸಿಲಿಗೆ ಅದು ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ನೀರು ಹಾಕಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ. ಜೊತೆಗೆ ಪ್ರತಿ ಭಾನುವಾರ ಒಂದೊಂದು ಚೊಂಬು ನೀರು ಸುರಿಯುವಂತೆ ಅಕ್ಕನ ಮಗನಿಗೆ ಹೇಳಿ, ಅಡುಗೆಮನೆಯ ಗೋಡೆಗೆ 21 ಭಾನುವಾರಗಳ ಪಟ್ಟಿ ಅಂಟಿಸಿ ಬಂದಿದ್ದೆ. ಮರಳಿ ಬಂದು ಬಾಗಿಲು ತೆರೆದಾಗ ಒಳಗೆ ಧೂಳಿತ್ತು, ವಾಸನೆ ಇರಲಿಲ್ಲ. ಹಿತ್ತಲಿನ ಶೌಚಾಲಯ ಮಾತ್ರ ನಾರುತ್ತಿತ್ತು. ಅದನ್ನು ಪಟ್ಟಿಯಲ್ಲಿ ಬರೆಯಲು ನಾನೇ ಮರೆತಿದ್ದೆ.