ಸುಣ್ಣದ ಮಾತು, ಬಣ್ಣದ ಪ್ರಶ್ನೆ

ಆಲೆಮನೆ ಬೆಲ್ಲದ ಬಗ್ಗೆ ಒಂದು ಪ್ರಶ್ನೋತ್ತರ ಬರೆದುಕೊಡಲು ಒಪ್ಪಿಕೊಂಡಾಗ ಅದು ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಮಂಡ್ಯದಲ್ಲಿ ಕಬ್ಬಿನ ಮೇಲೆ ಸಂಶೋಧನೆ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು ಮಾತಿಗೆ ಸಿಕ್ಕರು. 'ಮನೇಲಿ ಕೂತು ಬೆಲ್ಲದ ಬಗ್ಗೆ ಏನು ಮಾತಾಡೋದು, ಬನ್ನಿ' ಎಂದು ಊರಾಚೆಯ ಆಲೆಮನೆಗೇ ಕರೆದುಕೊಂಡು ಹೋದರು. ಕೊಪ್ಪರಿಗೆ ಪಕ್ಕ ನಿಂತು ಮುಕ್ಕಾಲು ಗಂಟೆ ಮಾತಾಡಿದೆವು. ರಾತ್ರಿ ಮನೆಯಲ್ಲಿ ಫೋನಿನ ರೆಕಾರ್ಡಿಂಗ್ ಹಾಕಿದರೆ ಬರೀ ಗಾಣದ ಮೋಟರ್ ಸದ್ದು. ನಡುನಡುವೆ 'ಹದ', 'ಮಡ್ಡಿ', 'ಹೈಡ್ರೋಸ್' ಅಂತ ಮೂರು ಮಾತು ತೇಲಿ ಬರುತ್ತಿದ್ದವು.

ಮರುದಿನ ನಾಚಿಕೆ ಬಿಟ್ಟು ಫೋನ್ ಮಾಡಿದೆ. ಅವರು ನಕ್ಕು ಮನೆಗೆ ಕರೆದರು. ಮೊದಲ ಸುತ್ತು ವ್ಯರ್ಥವೇನೂ ಆಗಲಿಲ್ಲ. ಕೆಲಸಗಾರನೊಬ್ಬ ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕೊಪ್ಪರಿಗೆ ಇಳಿಸಲು ಸನ್ನೆ ಮಾಡಿದ್ದನ್ನು ನೋಡಿದ್ದೆ. ಆದ್ದರಿಂದ 'ಬೆಲ್ಲ ಹೇಗೆ ಮಾಡುತ್ತಾರೆ' ಎಂಬ ಸಪ್ಪೆ ಪ್ರಶ್ನೆ ಬಿಟ್ಟು, 'ಆ ಉಂಡೆ ಗಟ್ಟಿಯಾಗದೆ ಕೈಗೆ ಅಂಟಿದರೆ ಏನು ತಪ್ಪಾಗಿರುತ್ತೆ ಸರ್?' ಎಂದು ಶುರುಮಾಡಿದೆ. ಇಪ್ಪತ್ತು ನಿಮಿಷ ಅವರು ನಿಲ್ಲಿಸಲೇ ಇಲ್ಲ.

ಅವರು ಮಾತಾಡಿದ್ದು ಹೀಗೆ: 'ಹಾಲು ಹುಳಿ ಇರುತ್ತಲ್ಲ, ಅದಕ್ಕೆ... ನೋಡಿ, ಕಬ್ಬು ಕಡಿದು ಎರಡು ಮೂರು ದಿನ ಬಿದ್ದಿದ್ರೆ ಇನ್ನೂ ಜಾಸ್ತಿ. ಸಕ್ಕರೆ ಒಡೆದುಹೋಗುತ್ತೆ. ಅಂಟು ಅಂಟು. ಸುಣ್ಣ ಹಾಕ್ತೀವಿ. ಜಾಸ್ತಿ ಆದ್ರೆ ಕಪ್ಪಾಗುತ್ತೆ, ಅವತ್ತೇ ಹೇಳಿದ್ನಲ್ಲ.' ಅಚ್ಚಿಗೆ ಹೋಗುವಾಗ ಅದು ಹೀಗಾಯಿತು: 'ಕಬ್ಬಿನ ಹಾಲು ಸಹಜವಾಗಿಯೇ ಸ್ವಲ್ಪ ಹುಳಿ. ಕಡಿದ ಕಬ್ಬನ್ನು ಎರಡು ಮೂರು ದಿನ ಬಿಟ್ಟರೆ ಹುಳಿ ಹೆಚ್ಚುತ್ತದೆ, ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ಹಾಲಿನ ಬೆಲ್ಲ ಗಟ್ಟಿಯಾಗುವುದಿಲ್ಲ. ಸುಣ್ಣದ ನೀರು ಹಾಕುವುದು ಹುಳಿ ತಗ್ಗಿಸಲು. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.' ಗ್ಲೂಕೋಸ್, ಫ್ರಕ್ಟೋಸ್ ನಾನು ಸೇರಿಸಿದ ಪದಗಳು. ಅವರನ್ನು ಕೇಳಿಯೇ ಸೇರಿಸಿದೆ. 'ಅವತ್ತೇ ಹೇಳಿದ್ನಲ್ಲ' ಎಂಬುದು ಹೋಯಿತು, ಓದುವವರು ಅವತ್ತು ಅಲ್ಲಿರಲಿಲ್ಲವಲ್ಲ. ಒಂದೇ ವಿಷಯ ಮೂರು ಕಡೆ ಬಂದಿದ್ದರೆ ಒಂದೆಡೆಗೆ ತಂದೆ. ಹದಿನಾಲ್ಕು ಪ್ರಶ್ನೆ ಆರಾದವು. ನಾನು ಜಾಣತನ ತೋರಿಸಲು ಕೇಳಿದ್ದ ಎರಡು ಉದ್ದನೆಯ ಪ್ರಶ್ನೆಗಳನ್ನು ಮೊದಲು ಹೊಡೆದುಹಾಕಿದೆ.

ಎಡವಿದ್ದು ಮುಂದಿನ ಪ್ರಶ್ನೆಯಲ್ಲಿ. ಓದುವವರಿಗೆ ಬೇಕಾದ್ದು ಅದೇ ಎಂದು, 'ರಾಸಾಯನಿಕ ಇಲ್ಲದೆ ಬಣ್ಣದ ಬೆಲ್ಲ ಮಾಡಬಹುದೇ?' ಎಂಬ ಪ್ರಶ್ನೆ ನಾನೇ ಬರೆದು, ಕೆಳಗೆ ಅವರದೇ ಮಾತು ಇಟ್ಟೆ: 'ಮಾಡಬಹುದು. ಸುಣ್ಣ, ಬೆಂಡೆ ಗಿಡದ ಲೋಳೆ ಸಾಕು.' ಅಕ್ಷರ ಅಕ್ಷರ ಅವರು ಹೇಳಿದ್ದೇ. ಕರಡು ತೆಗೆದುಕೊಂಡು ಹೋದಾಗ ಕನ್ನಡಕ ಏರಿಸಿ ಎರಡು ಸಲ ಓದಿದರು.

'ಇದು ನಾನು ಹೇಳಿದ್ದೇ. ಆದರೆ ನೀವು ಕೇಳಿದ್ದು ಇದಲ್ಲ.'

ನಿಜ. ನಾನು ಕೇಳಿದ್ದು ಹಾಲಿನ ಕಸ ತೆಗೆಯುವ ಬಗ್ಗೆ. ಬೆಂಡೆ ಲೋಳೆ ಕಾದ ಹಾಲಿನ ಕಸವನ್ನು ಕೂಡಿಸಿ ಮೇಲಕ್ಕೆ ತರುತ್ತದೆ, ಆ ಮಡ್ಡಿ ಕೆನೆಯಂತೆ ತೆಗೆದು ಹಾಕುತ್ತಾರೆ. ಹಾಲು ತಿಳಿಯಾದಷ್ಟೂ ಬೆಲ್ಲ ಚೆನ್ನ, ಆದರೆ ಅಂಗಡಿಯಲ್ಲಿ ಮಿಂಚುವ ಬಿಳಿಹಳದಿ ಬರುವುದಿಲ್ಲ. ಅದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣ ಕಳೆಯುವುದರಿಂದ ಬರುವ ಬಣ್ಣ. ಇಟ್ಟಷ್ಟು ದಿನ ಮತ್ತೆ ಕಪ್ಪಿಗೆ ತಿರುಗುತ್ತದೆ. 'ಜೊತೆಗೆ, ಸುಣ್ಣ ರಾಸಾಯನಿಕ ಅಲ್ಲ ಅಂತ ನಾನು ಯಾವಾಗ ಅಂದೆ?' ಎಂದರು. ಒಂದು ಪ್ರಶ್ನೆಯಲ್ಲಿ ಮೇಷ್ಟ್ರ ಬಾಯಲ್ಲಿ ಎರಡು ಸುಳ್ಳು ಹೇಳಿಸಿದ್ದೆ, ಅವರ ಉತ್ತರದ ಒಂದಕ್ಷರ ಮುಟ್ಟದೆ.

ಅದಾದಮೇಲೆ ಕರಡಿನ ಪ್ರತಿ ಉತ್ತರದ ಪಕ್ಕ ರೆಕಾರ್ಡಿಂಗಿನ ನಿಮಿಷ ಬರೆದೆ, ಎದುರಿಗೆ ನಾನು ನಿಜವಾಗಿ ಕೇಳಿದ್ದ ಪ್ರಶ್ನೆ. ಎರಡೂ ಪಕ್ಕಪಕ್ಕ ಇಟ್ಟಾಗ ಇನ್ನೊಂದು ಕಡೆಯೂ ಅಂಥದ್ದೇ ಸಿಕ್ಕಿತು: ಒಂದು ಟನ್ ಕಬ್ಬಿಗೆ ನೂರು ಕೆಜಿ ಆಸುಪಾಸು ಬೆಲ್ಲ ಎಂದು ಅವರು ಹೇಳಿದ್ದು ಚೆನ್ನಾಗಿ ಬಲಿತ ಕಬ್ಬಿಗೆ. ನನ್ನ ಪ್ರಶ್ನೆಯಲ್ಲಿ 'ಬಲಿತ' ಇರಲಿಲ್ಲ. ಸೇರಿಸಿದೆ.

ಬಣ್ಣದ ಪ್ರಶ್ನೆಗೆ ಪದ ಹುಡುಕುತ್ತ ಕೂತಿದ್ದಾಗ ಮೇಷ್ಟ್ರೇ ಪೆನ್ನು ಕಿತ್ತುಕೊಂಡು ಅಂಚಿನಲ್ಲಿ ಬರೆದರು: 'ಅಂಗಡಿಯ ಹಳದಿ ಬೆಲ್ಲಕ್ಕೆ ಆ ಬಣ್ಣ ಎಲ್ಲಿಂದ ಬಂತು?' ನಾನು ಅಲ್ಲಿಯವರೆಗೂ ಅವರನ್ನು ಇದನ್ನು ನೇರವಾಗಿ ಕೇಳಿಯೇ ಇರಲಿಲ್ಲ. ರೆಕಾರ್ಡರ್ ಮತ್ತೆ ಒತ್ತಿದೆ.